ಮೊದಲ ಸಲಕ್ಕೆ 25 ಬಾಕ್ಸ್ ಜಾರ್ ಕೊಡ್ತೀರಾ ಸಾರ್

ನಮಸ್ಕಾರ ಸಾರ್, ನಾನು ಕುಮಟಾದಿಂದ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡೋರು, ಸೋಮವಾರ ಫೋನ್ ಮಾಡಿ 250 ಎಂಎಲ್ ಗಾಜಿನ ಜಾರ್ ರೇಟ್ ಕೇಳಿದ್ದೆನಲ್ಲ. ನಿಮ್ಮ ಕೊಟೇಶನ್ ಬಂತು, ಎರಡು ಸ್ಯಾಂಪಲ್ ಜಾರೂ ಬಂದು ಮುಟ್ಟಿತು. ಜಾರ್ ಚಲೋ ಉಂಟು, ಮುಚ್ಚಳ ಸಮೇತ 14.50ಕ್ಕೆ ನಂದೇನೂ ತಕರಾರಿಲ್ಲ. ಮಿನಿಮಮ್ 5,000 ಪೀಸ್ ಅಂತ ಬರ್ದಿದ್ದೀರಲ್ಲ, ಅಲ್ಲೇ ಸಿಕ್ಕಿಹಾಕ್ಕೊಂಡಿದ್ದೇನೆ.

ಮೊದಲ ಸಲಕ್ಕೆ 600 ಕೊಡ್ತೀರಾ? ನಿಮ್ಮದು 24ರ ಬಾಕ್ಸ್, ಅಂದ್ರೆ ಸರಿಯಾಗಿ 25 ಬಾಕ್ಸ್ ಆಗ್ತದೆ, ಬಾಕ್ಸ್ ಒಡೆಯೋ ಕೆಲ್ಸ ನಿಮಗೆ ಇಲ್ಲ.

ಯಾಕೆ ಕಡಿಮೆ ಕೇಳ್ತಿದ್ದೇನೆ ಅಂದ್ರೆ, ದುಡ್ಡು ಒಂದೇ ಅಲ್ಲ ಸಾರ್, ಮುಚ್ಚಳದ್ದೇ ದೊಡ್ಡ ಚಿಂತೆ. ನಮ್ಮ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕೋದಿಲ್ಲ, ಪೂರ್ತಿ ಉಪ್ಪುನೀರು, ಸಾಸಿವೆ, ಮೆಣಸು, ಮೇಲಿಂದ ಮಿಡಿಯದ್ದೇ ಹುಳಿ, ಅದು ತಗಡಿನ ಮುಚ್ಚಳಕ್ಕೆ ತಾಗಿ ಒಳಗಿನ ಕೋಟಿಂಗ್ ಎಲ್ಲಾದ್ರೂ ಕೆರೆದು ಹೋಗಿದ್ರೆ ತುಕ್ಕು ಗ್ಯಾರಂಟಿ, ಅದ್ರಲ್ಲೂ ನಮ್ಮ ಕರಾವಳಿ ಹವೆ ನಿಮಗೆ ಗೊತ್ತೇ ಉಂಟಲ್ಲ. ಎರಡು ಸ್ಯಾಂಪಲ್ ನೋಡಿ ಇದು ಗೊತ್ತಾಗೋದಲ್ಲ. ಕಳೆದ ವರ್ಷ ಉಪ್ಪಿಗೆ ಹಾಕಿದ ಮಿಡಿ ಇನ್ನೂ ಭರಣಿಯಲ್ಲಿ ಉಂಟು, ಅದನ್ನ ಈ 600ರಲ್ಲಿ ತುಂಬಿ ಗೋಕರ್ಣದ ಅಂಗಡಿಗಳಿಗೆ ಕೊಟ್ಟು, ಒಂದಷ್ಟು ಜಾರ್ ಮನೆಯಲ್ಲೇ ಮಲಗಿಸಿಟ್ಟು ನೋಡ್ಬೇಕು. ಹುಬ್ಬಳ್ಳಿಯಿಂದ ಅರಬೈಲ್ ಘಾಟಿ ಇಳಿದು ಬರುವಾಗ ಎಷ್ಟು ಒಡೀತದೆ ಅಂತಾನೂ ಗೊತ್ತಾಗ್ಬೇಕಲ್ಲ. 5,000 ತಂದ್ರೆ ಇನ್ನೂರು ಚಿಲ್ಲರೆ ಬಾಕ್ಸ್, ಇಡೋದೆಲ್ಲಿ ಮಾರಾಯ್ರೇ, ನಮ್ಮ ಅಟ್ಟದಲ್ಲಿ ಈಗಲೇ ತೆಂಗಿನಕಾಯಿ ತುಂಬಿ ಕಾಲಿಡೋಕೆ ಜಾಗ ಇಲ್ಲ.

ನಿಮಗೆ ಲಾಸ್ ಮಾಡಿ ಅಂತ ನಾನು ಹೇಳೋದಿಲ್ಲ. 14.50ರ ಬದಲು 17 ರೂಪಾಯಿ ಹಾಕಿ, 600ಕ್ಕೆ 10,200 ಆಯ್ತು, ಜಿಎಸ್‌ಟಿ ಬೇರೆ. ಪೂರ್ತಿ ಅಡ್ವಾನ್ಸ್ ಹಾಕ್ತೇನೆ, ಲಾರಿ ಬಾಡಿಗೆ ನಂದೇ. ಮುಚ್ಚಳದ ಮೇಲೆ ಪ್ರಿಂಟ್ ಬೇಡ, ಸ್ಟಾಕಲ್ಲಿ ಯಾವ ಬಣ್ಣ ಇದ್ರೂ ಅಡ್ಡಿಲ್ಲ, ಒಳಗಿನ ಲೈನಿಂಗ್ ಮಾತ್ರ ಉಪ್ಪಿನಕಾಯಿಗೆ ಆಗೋದೇ ಇರ್ಲಿ. ಬಾಕ್ಸ್ ಒಳಗೆ ಜಾರ್ ಜಾರಿಗೂ ನಡುವೆ ರಟ್ಟು ಹಾಕಿಸ್ಬೇಕು, ಅದಕ್ಕೆ ಎಕ್ಸ್‌ಟ್ರಾ ಆದ್ರೂ ಕೊಡ್ತೇನೆ.

ಮುಚ್ಚಳ ತಡೀತು ಅಂದ್ರೆ, ಹೊಸ ಮಿಡಿ ಉಪ್ಪಿಗೆ ಬಿದ್ದು ಉಪ್ಪಿನಕಾಯಿ ಆಗೋ ಹೊತ್ತಿಗೆ, ಮೇ ತಿಂಗಳಲ್ಲಿ 3,000 ಬೇಕಾಗ್ತದೆ, ಎರಡು ಸಲಕ್ಕೆ ಕಳಿಸಿ. 5,000 ತಗೊಳ್ತೇನೆ ಅಂತ ಈಗ್ಲೇ ಸುಮ್ನೆ ಬಾಯಿಮಾತು ಕೊಡೋದಿಲ್ಲ. ಆಗ ರೇಟು 14.50ಕ್ಕೆ ಎಷ್ಟು ಹತ್ತಿರ ತರ್ಬಹುದು ಅಂತ ಈಗಲೇ ಹೇಳಿದ್ರೆ ಒಳ್ಳೇದಿತ್ತು, ಅಂಗಡಿಯವರಿಗೆ ನಾನೂ ರೇಟ್ ಹೇಳ್ಬೇಕಲ್ಲ.

600 ಆಗೋದೇ ಇಲ್ಲ ಅಂದ್ರೆ ಎಷ್ಟಕ್ಕೆ ಇಳಿಬಹುದು ಹೇಳಿ, 1,000ದ ಮೇಲೆ ಈ ಸಲ ನನ್ನಿಂದ ಆಗೋದಿಲ್ಲ. ಇಲ್ಲಾಂದ್ರೆ ಅಂಕೋಲಾ, ಕಾರವಾರ ಕಡೆ ಯಾರದ್ದಾದ್ರೂ ಇದೇ ಜಾರಿನ ಆರ್ಡರ್ ಇದ್ರೆ ಅದ್ರ ಜೊತೆ ನಂದೂ ಸೇರಿಸಿ, ಹತ್ತು ಹದಿನೈದು ದಿನ ಕಾಯ್ತೇನೆ. ಶುಕ್ರವಾರದೊಳಗೆ ಒಂದು ಮಾತು ಹೇಳಿದ್ರೆ ಅವತ್ತೇ ದುಡ್ಡು ಹಾಕ್ತೇನೆ, ಬ್ಯಾಂಕ್ ಡೀಟೇಲ್ಸ್ ಪ್ರೊಫಾರ್ಮಾ ಬಿಲ್ಲಲ್ಲೇ ಹಾಕಿ ಕಳಿಸಿ. ಮಧ್ಯಾಹ್ನ ಫೋನ್ ಎತ್ತೋದು ಕಷ್ಟ, ಕೈಯೆಲ್ಲ ಮೆಣಸು ಇರ್ತದೆ, ಮೆಸೇಜ್ ಹಾಕಿದ್ರೆ ಸಾಕು.