ವಿಷಯ: 12-09-2025, ಶುಕ್ರವಾರ ಸಂಜೆ 5.30ರ ವರೆಗೆ ಬಂದ ಕೋರಿಕೆಗಳಲ್ಲಿ ಬಾಕಿ ಕಂಡುಬಂದಿಲ್ಲ. ನೋಡಿದ್ದು ಮತ್ತು ನೋಡದೆ ಉಳಿದದ್ದರ ವಿವರ

ಮಂಗಳೂರು ಮತ್ತು ಉಡುಪಿ ಹೆಲ್ಪ್ ಡೆಸ್ಕ್‌ನ ಎಲ್ಲ ಸಹೋದ್ಯೋಗಿಗಳಿಗೆ ನಮಸ್ಕಾರ.

ಇಂದು ಸಂಜೆ 5.30ರ ವರೆಗೆ ಶಾಖೆಗಳಿಂದ ಬಂದ ಕೋರಿಕೆಗಳಲ್ಲಿ ನಾವು ಮಾಡಬೇಕಾಗಿ ಉಳಿದ ಕೆಲಸ ಯಾವುದೂ ಕಂಡುಬಂದಿಲ್ಲ. ಇಂದಿನ ಮಟ್ಟಿಗೆ ಯಾರೂ ಯಾವ ಟಿಕೆಟನ್ನೂ ಮುಂದುವರಿಸಬೇಕಾಗಿಲ್ಲ. ನಾಳೆ ಎರಡನೇ ಶನಿವಾರ, ಭಾನುವಾರ ಅಷ್ಟಮಿ, ಸೋಮವಾರ ವಿಟ್ಲಪಿಂಡಿ. ಹೀಗೆ ರಜೆಗಳು ಒಂದರ ಹಿಂದೆ ಒಂದು ಬರುವಾಗ ಇಂದು ಕಣ್ತಪ್ಪಿದ್ದು ಮಂಗಳವಾರದ ವರೆಗೂ ಯಾರ ಗಮನಕ್ಕೂ ಬಾರದೆ ಹೋಗಬಹುದು. ಆದ್ದರಿಂದ ಎಲ್ಲೆಲ್ಲಿ ಹುಡುಕಿದೆವು, ಎಲ್ಲಿ ಹುಡುಕಲಾಗಲಿಲ್ಲ ಎಂಬುದನ್ನು ಕೆಳಗೆ ಬರೆದಿದ್ದೇನೆ. ದಯವಿಟ್ಟು ಮೊದಲ ಸಾಲಿಗೆ ನಿಲ್ಲಿಸದೆ ಪೂರ್ತಿ ಓದಿ.

ಇಲ್ಲಿ 'ಬಾಕಿ' ಎಂದರೆ ಪರದೆಯ ಮೇಲೆ `Pending` ಎಂದು ತೋರುವ ಟಿಕೆಟ್‌ಗಳು ಮಾತ್ರವಲ್ಲ. ಶಾಖೆಯವರೋ ಪಿಗ್ಮಿ ಸಂಗ್ರಾಹಕರೋ ಯಾವ ದಾರಿಯಿಂದಲಾದರೂ ನಮಗೆ ತಿಳಿಸಿ, ನಮ್ಮಿಂದ ಉತ್ತರಕ್ಕಾಗಿ ಅಥವಾ ಕೆಲಸಕ್ಕಾಗಿ ಕಾಯುತ್ತಿರುವ ಪ್ರತಿಯೊಂದು ಸಂಗತಿಯನ್ನೂ, ಅದಕ್ಕೆ ಟಿಕೆಟ್ ಸಂಖ್ಯೆ ಇರಲಿ ಇಲ್ಲದಿರಲಿ, ಬಾಕಿ ಎಂದೇ ಎಣಿಸಿದ್ದೇವೆ. ನಾನು ಮಂಗಳೂರಿನಿಂದಲೂ ಉಡುಪಿ ಡೆಸ್ಕ್‌ನ ಹಿರಿಯ ಸಹೋದ್ಯೋಗಿಯವರು ಅಲ್ಲಿಂದಲೂ ಬೇರೆ ಬೇರೆಯಾಗಿ ಎಣಿಸಿ, ಸಂಜೆ 6.50ಕ್ಕೆ ಇಬ್ಬರ ಲೆಕ್ಕವನ್ನೂ ತಾಳೆ ನೋಡಿದೆವು.

ಮೊದಲಿಗೆ ಟಿಕೆಟ್ ವ್ಯವಸ್ಥೆ. ನಮ್ಮಲ್ಲಿ ಹೆಚ್ಚಿನವರು ಬೆಳಿಗ್ಗೆ ತೆರೆಯುವ `My Open Tickets` ಎಂಬ ಪುಟದಲ್ಲಿ ಅವರವರ ಹೆಸರಿಗೆ ಹಾಕಿದ ಟಿಕೆಟ್‌ಗಳು ಮಾತ್ರ ಬರುತ್ತವೆ. ಯಾರ ಹೆಸರಿಗೂ ಹಾಕದೆ ಉಳಿದವು ಅಲ್ಲಿ ಯಾರಿಗೂ ಕಾಣಿಸುವುದಿಲ್ಲ. ಹಾಗಾಗಿ ಆ ಪುಟವನ್ನು ನಂಬದೆ ಎಲ್ಲ ಗುಂಪುಗಳನ್ನೂ ಸೇರಿಸಿ ನೇರವಾಗಿ ದತ್ತಾಂಶದಲ್ಲೇ ಎಣಿಸಿದೆವು. ಮೊದಲ ಸಲ `Resolved` ಮತ್ತು `Closed` ಬಿಟ್ಟು ಉಳಿದವನ್ನು ಕೇಳಿದಾಗ ಸೊನ್ನೆ ಬಂತು. ಆದರೆ ಆ ರೀತಿ ಕೇಳಿದರೆ ಸ್ಥಿತಿಯ ಅಂಕಣವೇ ಖಾಲಿ ಇರುವ ಟಿಕೆಟ್‌ಗಳು ಎಣಿಕೆಗೆ ಬರುವುದಿಲ್ಲ, ಏಕೆಂದರೆ `NULL` ಎಂಬುದನ್ನು `NOT IN` ಜೊತೆ ಹೋಲಿಸಿದಾಗ ಉತ್ತರ ಹೌದು ಎಂದೂ ಆಗುವುದಿಲ್ಲ, ಅಲ್ಲ ಎಂದೂ ಆಗುವುದಿಲ್ಲ; ಅಂಥ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಅದಕ್ಕಾಗಿ ಎರಡನೇ ಸಲ ಹೀಗೆ ಕೇಳಿದೆವು:

```
SELECT COUNT(*) FROM tickets
WHERE (status NOT IN ('Resolved','Closed')
       OR status IS NULL)
  AND created_at <= '2025-09-12 12:00:00';
```

ಇಲ್ಲಿ 12 ಗಂಟೆ ಎಂದಿರುವುದು ತಪ್ಪಲ್ಲ. ಸರ್ವರ್ ಸಮಯವನ್ನು ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ; ಅಲ್ಲಿನ ಮಧ್ಯಾಹ್ನ 12 ನಮಗೆ ಸಂಜೆ 5.30. ಈ ಸಲ ಎಣಿಕೆ 2 ಬಂತು. ಎರಡೂ ಸೋಮವಾರ ಶೀರ್ಷಿಕೆಯಿಲ್ಲದೆ ಬಂದ ಇಮೇಲ್‌ಗಳಿಂದ ತಾವಾಗಿಯೇ ಹುಟ್ಟಿದ ಟಿಕೆಟ್‌ಗಳು. ಒಂದರಲ್ಲಿ ಸುರತ್ಕಲ್ ಶಾಖೆಯವರು ಹಿಂದಿನ ಕೆಲಸಕ್ಕೆ ಧನ್ಯವಾದ ಹೇಳಿದ್ದರು, ಇನ್ನೊಂದು ಆಗಲೇ ಮುಗಿದ ಕೋರಿಕೆಯ ಎರಡನೇ ಪ್ರತಿ. ಇಬ್ಬರೂ ಪೂರ್ತಿ ಓದಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆದು ಮುಚ್ಚಿದ್ದೇವೆ. ಅನಂತರ ಮೂರನೇ ಸಲ ಕೇಳಿದಾಗ ಬಂದ ಸೊನ್ನೆಯನ್ನೇ ನಾನು ಈ ಸಂದೇಶದಲ್ಲಿ ನಿಮಗೆ ತಿಳಿಸುತ್ತಿದ್ದೇನೆ.

ಇನ್ನು `Resolved` ಎಂದು ಗುರುತಾಗಿ, ಶಾಖೆಯವರ ಒಪ್ಪಿಗೆಗಾಗಿ 72 ಗಂಟೆ ಕಾದು, ಅದು ಬಾರದಿದ್ದರೂ ತಾನಾಗಿ ಮುಚ್ಚಿಕೊಳ್ಳುವ ಟಿಕೆಟ್‌ಗಳ ವಿಚಾರ. ಇವು 9 ಇದ್ದವು. ರಜೆಯ ನಡುವೆ ಆ 72 ಗಂಟೆ ಮುಗಿದರೆ, ಕೆಲಸ ಆಗದಿದ್ದರೂ ಆದಂತೆಯೇ ದಾಖಲೆಯಾಗುತ್ತದೆ, ಶಾಖೆಯಲ್ಲಿ ಅದನ್ನು ನೋಡಿ ಹೇಳುವವರೂ ಇರುವುದಿಲ್ಲ. ಹಾಗಾಗಿ ಒಂಬತ್ತಕ್ಕೂ ಆಯಾ ಶಾಖೆಗೆ ಫೋನ್ ಮಾಡಿ, 'ಸರಿಯಾಗಿದೆಯೇ' ಎಂದಷ್ಟೇ ಕೇಳದೆ ನಾವು ಮಾತಾಡುತ್ತಿರುವಾಗಲೇ ಒಮ್ಮೆ ಮಾಡಿ ನೋಡಲು ಕೋರಿದೆವು. ಕಾರ್ಕಳ ಶಾಖೆಯ ಪಾಸ್‌ಬುಕ್ ಪ್ರಿಂಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಿಂಟ್ ಬರುತ್ತಿದೆ ಎಂದು ಕೌಂಟರಿನವರು ಹೇಳಿದರು, ಅದು ನಿಜವೂ ಆಗಿತ್ತು. ಆದರೆ ಬುಧವಾರದ ದೂರು ಪ್ರಿಂಟ್ ಬರುವುದಿಲ್ಲ ಎಂದಾಗಿರಲಿಲ್ಲ; ಪುಟದ ನಡುವಿನ ಮಡಿಕೆಯ ಮೇಲೆ ಒಂದು ಸಾಲು ಬಿದ್ದು ಉಳಿಕೆ ಮೊತ್ತದ ಅಂಕಿ ಓದಲಾಗುವುದಿಲ್ಲ ಎಂದಾಗಿತ್ತು. ಮಡಿಕೆ ದಾಟುವಷ್ಟು ಸಾಲುಗಳಿರುವ ಒಂದು ಪುಸ್ತಕವನ್ನು ಹಾಕಿಸಿ ಫೋಟೋ ತರಿಸಿಕೊಂಡೆವು. ಮಡಿಕೆಯ ಮೇಲಿನ ಸಾಲೂ ಕೆಳಗಿನ ಸಾಲೂ ತಮ್ಮ ತಮ್ಮ ಜಾಗದಲ್ಲೇ ಇವೆ, ಮೊತ್ತ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಫೋಟೋ ಟಿಕೆಟ್‌ಗೆ ಸೇರಿದೆ. ಉಳಿದ ಎಂಟರಲ್ಲಿ ಹೇಳುವಂಥದ್ದೇನಿಲ್ಲ, ಎಲ್ಲವೂ ಫೋನಿನಲ್ಲೇ ಖಚಿತವಾದವು.

ಎಲ್ಲರೂ ಸೇರಿ ಬಳಸುವ ಇಮೇಲ್ ಪೆಟ್ಟಿಗೆಯಲ್ಲಿ ಓದದೆ ಉಳಿದ ಪತ್ರಗಳಿಲ್ಲ. ಜಂಕ್ ಫೋಲ್ಡರಿನಲ್ಲಿದ್ದ 31 ಪತ್ರಗಳ ಶೀರ್ಷಿಕೆ ಮತ್ತು ಕಳುಹಿಸಿದವರ ವಿಳಾಸವನ್ನು ಒಂದೊಂದಾಗಿ ನೋಡಿದೆ. ಅದರಲ್ಲಿ ಒಂದು ಬೈಂದೂರು ಶಾಖೆಯ ಸ್ಕ್ಯಾನರ್‌ನಿಂದಲೇ ನೇರವಾಗಿ ಬಂದ ಪತ್ರ, ಹೊಸ ಸಿಬ್ಬಂದಿಯ ಲಾಗಿನ್‌ಗೆ ಸಂಬಂಧಿಸಿದ್ದು. ಆ ಲಾಗಿನ್ ಅನ್ನು ಶಾಖೆಯವರು ಫೋನಿನಲ್ಲಿ ಕೇಳಿ ಮಂಗಳವಾರವೇ ಪಡೆದುಕೊಂಡಿದ್ದಾರೆ. ಕೆಲಸ ಬಾಕಿ ಇರಲಿಲ್ಲ, ಪತ್ರ ಮಾತ್ರ ಜಂಕ್‌ನಲ್ಲಿ ಬಿದ್ದಿತ್ತು. ಮುಂದಕ್ಕೆ ಹಾಗಾಗದಂತೆ ಆ ವಿಳಾಸವನ್ನು ಸುರಕ್ಷಿತ ಪಟ್ಟಿಗೆ ಸೇರಿಸಿದ್ದೇನೆ.

ಜಂಕ್ ಫೋಲ್ಡರಿನ ಬಗ್ಗೆ ಇಷ್ಟು ಬರೆಯಲು ಒಂದು ಕಾರಣವಿದೆ, ಹೊಸದಾಗಿ ಸೇರಿದವರಿಗೂ ಅದು ತಿಳಿದಿರಬೇಕು. ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಶುಕ್ರವಾರ ನಾನು 'ಏನೂ ಬಾಕಿ ಇಲ್ಲ' ಎಂದಷ್ಟೇ ಬರೆದು ಕಳುಹಿಸಿದ್ದೆ. ನೋಡಿದ್ದು ಟಿಕೆಟ್ ಪಟ್ಟಿಯನ್ನು ಮಾತ್ರ. ಒಂದು ಶಾಖೆಯ ಪಿಗ್ಮಿ ಸಂಗ್ರಾಹಕರ ಕೈಯಂತ್ರದಿಂದ ಲೆಕ್ಕ ಮೇಲೇರುತ್ತಿಲ್ಲ ಎಂಬ ಪತ್ರ ಆಗಲೇ ಜಂಕ್‌ನಲ್ಲಿತ್ತು. ನನ್ನ ಸಂದೇಶವನ್ನು ನಂಬಿ ಶನಿವಾರದ ಪಾಳಿಯವರು ಬೇರೆಲ್ಲೂ ಹುಡುಕಲಿಲ್ಲ, ಹುಡುಕಬೇಕಾದ ಕಾರಣವೂ ಅವರಿಗಿರಲಿಲ್ಲ. ಆ ಸಂಗ್ರಾಹಕರು ಮಳೆಯಲ್ಲಿ ಎರಡು ದಿನ ಅಂಗಡಿಯಿಂದ ಅಂಗಡಿಗೆ ಹೋಗಿ ಕೈಪುಸ್ತಕದಲ್ಲಿ ಬರೆದುಕೊಂಡು, ರಸೀದಿ ಎಲ್ಲಿ ಎಂದು ಕೇಳಿದ ಪ್ರತಿಯೊಬ್ಬ ಅಂಗಡಿಯವರಿಗೂ ಉತ್ತರ ಹೇಳಬೇಕಾಯಿತು. ನಾನು ಎಲ್ಲಿ ನೋಡಿದ್ದೇನೆಂದು ಒಂದು ಸಾಲು ಬರೆದಿದ್ದರೆ, ಎಲ್ಲಿ ನೋಡಿಲ್ಲ ಎಂಬುದು ಶನಿವಾರದವರಿಗೆ ಹೊಳೆಯುತ್ತಿತ್ತು. ಆ ಸಂಗ್ರಾಹಕರ ಬಳಿ ನಾನು ಕ್ಷಮೆ ಕೇಳಿದ್ದೇನೆ, ಅಂದಿನಿಂದ ಈ ಸಂದೇಶವನ್ನು ಹೀಗೆಯೇ ಬರೆಯುತ್ತಿದ್ದೇನೆ.

ಫೋನಿಗೆ ಬರೋಣ. ಎರಡೂ ಡೆಸ್ಕ್‌ಗಳಲ್ಲಿ ಸೋಮವಾರದಿಂದ ಎತ್ತಲಾಗದೆ ಹೋದ ಕರೆಗಳು ಒಟ್ಟು 14. ಹನ್ನೆರಡಕ್ಕೆ ಟಿಕೆಟ್ ಆಗಿದೆ ಅಥವಾ ನಾವೇ ಮರಳಿ ಕರೆ ಮಾಡಿದ ದಾಖಲೆಯಿದೆ. ಉಳಿದ ಎರಡು ಸಂಖ್ಯೆಗಳಿಗೆ ಇಂದು ಕರೆ ಮಾಡಿದೆ: ಒಂದು ತಪ್ಪಿ ಬಂದ ಕರೆ, ಇನ್ನೊಂದು ಸಾಲದ ಬಗ್ಗೆ ವಿಚಾರಿಸಿದ ಸದಸ್ಯರದ್ದು, ಅವರನ್ನು ಹಂಪನಕಟ್ಟೆ ಶಾಖೆಗೆ ಸೇರಿಸಿಕೊಟ್ಟೆ. ಧ್ವನಿ ಸಂದೇಶದ ಪೆಟ್ಟಿಗೆ ಖಾಲಿ ಇತ್ತು. ಪೆಟ್ಟಿಗೆ ಕೆಟ್ಟುಹೋಗಿದ್ದರೂ ಖಾಲಿಯೇ ಕಾಣುವುದರಿಂದ, ನನ್ನ ಮೊಬೈಲಿನಿಂದ ಒಂದು ಸಂದೇಶ ಬಿಟ್ಟು, ಅದು ಅಲ್ಲಿ ಕೇಳಿಸುವುದನ್ನು ಖಚಿತಪಡಿಸಿಕೊಂಡು ಅಳಿಸಿದ್ದೇನೆ.

ಶಾಖೆಗಳ ವಾಟ್ಸ್ಆ್ಯಪ್ ಗುಂಪನ್ನು ಸೋಮವಾರ ಬೆಳಗಿನಿಂದ ಕೆಳಗಿನ ವರೆಗೆ ಓದಿದ್ದೇವೆ. ಅಲ್ಲಿದ್ದ 6 ಧ್ವನಿ ಸಂದೇಶಗಳನ್ನೂ ಕೊನೆಯ ವರೆಗೆ ಕೇಳಿದ್ದೇವೆ. ಅಕ್ಷರದಲ್ಲಿ ಹುಡುಕಿದರೆ ಧ್ವನಿ ಸಿಗುವುದಿಲ್ಲ, ಅವಸರದಲ್ಲಿರುವವರು ತುಳುವಿನಲ್ಲಿ ಹೇಳಿ ಕಳುಹಿಸುವುದೇ ಹೆಚ್ಚು. ಬಂಟ್ವಾಳದಿಂದ 'ಪ್ರಿಂಟ್ ಬರ್ಪುಜಿ' ಎಂದು ಗುರುವಾರ ಬಂದ ಸಂದೇಶಕ್ಕೆ ಅಂದೇ ಟಿಕೆಟ್ ಆಗಿ, ಕೆಲಸವೂ ಮುಗಿದಿದೆ. ಬೇರೆ ಐದರಲ್ಲಿ ಕೋರಿಕೆಗಳಿರಲಿಲ್ಲ. ಮುಖ್ಯ ಕಚೇರಿಯ ಕೌಂಟರಿನ ಪುಸ್ತಕದಲ್ಲಿ ಈ ವಾರದ ಪುಟಗಳನ್ನೂ ನೋಡಿದ್ದೇನೆ, ಮತ್ತು ರಿಪೇರಿಗೆ ಹೊರಗೆ ಕೊಟ್ಟ ಯಾವ ಸಾಮಾನೂ ಈಗ ಹೊರಗಿಲ್ಲ.

ಈಗ ನೋಡಲಾಗದ್ದನ್ನು ಹೇಳುತ್ತೇನೆ. ಎಟಿಎಂ ನೋಡಿಕೊಳ್ಳುವ ಕಂಪನಿಯ ಪೋರ್ಟಲ್‌ಗೆ ನಮಗೆ ಪ್ರವೇಶವಿಲ್ಲ. ಅಲ್ಲಿ ನಮ್ಮ ದೂರು ಯಾವುದೂ ಇಲ್ಲ ಎಂದು ಅವರು ಸಂಜೆ 4 ಗಂಟೆಗೆ ಫೋನಿನಲ್ಲಿ ತಿಳಿಸಿದ್ದಾರೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಶಾಖೆಗಳಿಗೆ ಓಡಾಡುವ ನಮ್ಮ ಸಿಬ್ಬಂದಿಯ ಸ್ವಂತ ಮೊಬೈಲಿಗೆ ನೇರವಾಗಿ ಬಂದ ಸಂದೇಶಗಳು ಈ ಲೆಕ್ಕದಲ್ಲಿಲ್ಲ. ಅಂಥದ್ದೇನಾದರೂ ತಮ್ಮಲ್ಲಿದ್ದರೆ ಇಂದು ರಾತ್ರಿಯೇ ಟಿಕೆಟ್ ಮಾಡಿ. ರಜೆಗೆ ಮೊದಲು ಎಲ್ಲ ಶಾಖೆಗಳಿಗೂ ಒಮ್ಮೆ ಕರೆ ಮಾಡಿ ವಿಚಾರಿಸಿದೆವು. ಬೆಳ್ತಂಗಡಿಯಲ್ಲಿ ಮಾತ್ರ ಮೂರು ಸಲ ಮಾಡಿದರೂ ಯಾರೂ ಫೋನ್ ಎತ್ತಲಿಲ್ಲ. ಅಲ್ಲಿಂದ ಈ ವಾರ ಟಿಕೆಟ್ ಬಂದಿಲ್ಲ. ಕೆಲಸ ಸಲೀಸಾಗಿದ್ದರೂ ಟಿಕೆಟ್ ಬರುವುದಿಲ್ಲ, ಅಲ್ಲಿನ ಲೈನ್ ಕಡಿದಿದ್ದರೂ ಬರುವುದಿಲ್ಲ. ಎರಡರಲ್ಲಿ ಯಾವುದೆಂದು ಹೇಳಲು ನನಗೆ ಆಧಾರವಿಲ್ಲ. ಆದ್ದರಿಂದ ಬೆಳ್ತಂಗಡಿಯನ್ನು 'ಬಾಕಿ ಇಲ್ಲ' ಎಂಬ ಪಟ್ಟಿಗೆ ಸೇರಿಸದೆ 'ಖಚಿತವಾಗಿಲ್ಲ' ಎಂದೇ ಗುರುತಿಸಿದ್ದೇನೆ. ಸಂಜೆ 5.30ರ ನಂತರ ಬಂದದ್ದೂ ಈ ಸಂದೇಶದ ವ್ಯಾಪ್ತಿಗೆ ಸೇರುವುದಿಲ್ಲ.

ಶನಿವಾರ ಮತ್ತು ಭಾನುವಾರ ತುರ್ತು ಕರೆಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಸೋಮವಾರ ಉಡುಪಿಯ ರಥಬೀದಿ ಸುತ್ತಮುತ್ತ ಜನಸಂದಣಿಯಿಂದ ವಾಹನ ಹೋಗುವುದು ಕಷ್ಟ. ಅಲ್ಲಿನ ನಮ್ಮ ಶಾಖೆಗೂ ಉಡುಪಿ ಡೆಸ್ಕ್‌ಗೂ ಅಂದು ರಜೆ. ಉಡುಪಿ, ಕುಂದಾಪುರ, ಬೈಂದೂರು ಕಡೆಯ ಕರೆಗಳು ಅಂದು ಮಂಗಳೂರಿಗೆ ತಿರುಗುತ್ತವೆ. ಸೋಮವಾರ ಬೆಳಿಗ್ಗೆ 9 ಗಂಟೆಗೆ ಮಂಗಳೂರಿನ ಬೆಳಗಿನ ಪಾಳಿಯವರು ಮೊದಲು ಬೆಳ್ತಂಗಡಿಗೆ ಕರೆ ಮಾಡಿ, ಅನಂತರ ಮೇಲಿನ ಎಣಿಕೆಯನ್ನು ಆ ದಿನದ ಸಮಯ ಹಾಕಿ ಇನ್ನೊಮ್ಮೆ ಮಾಡಬೇಕಾಗಿ ವಿನಂತಿ.

ನಾವು ಬಿಟ್ಟದ್ದು ಯಾರ ಕಣ್ಣಿಗಾದರೂ ಬಿದ್ದರೆ, ಅದು ಎಷ್ಟೇ ಸಣ್ಣದಿರಲಿ, ಎಲ್ಲಿ ಸಿಕ್ಕಿತು ಎಂಬುದನ್ನೂ ಸೇರಿಸಿ ಇದೇ ಸಂದೇಶಕ್ಕೆ ಎಲ್ಲರಿಗೂ ತಲುಪುವಂತೆ ಉತ್ತರಿಸಿ. ಹಾಗೆ ಬಂದ ಕೂಡಲೇ ಈ ಸಂದೇಶವನ್ನು ಹಿಂಪಡೆದು, ತಿದ್ದಿದ ಲೆಕ್ಕವನ್ನು ಕಳುಹಿಸುತ್ತೇನೆ.

ವಂದನೆಗಳೊಂದಿಗೆ,
ಸಂಜೆ ಪಾಳಿಯ ಮೇಲ್ವಿಚಾರಕ, ಹೆಲ್ಪ್ ಡೆಸ್ಕ್, ಮಂಗಳೂರು
12-09-2025, ಸಂಜೆ 7.05