ನೆಟ್ ಬಳಕೆಯ ಬಗ್ಗೆ ಮನೆಯ ಐವರಿಗೂ ಸೂಚನೆ

ವಿದ್ಯಾನಗರ, ಕಾಸರಗೋಡು
ಜುಲೈ 1ರಿಂದ ಜಾರಿ. ಚಾವಡಿಯಲ್ಲಿ ರೂಟರ್ ಪಕ್ಕದ ಗೋಡೆಯಿಂದ ಈ ಕಾಗದ ತೆಗೆಯಬೇಡಿ.

ಕಳೆದ ತಿಂಗಳು ನೆಟ್ಟಿನ ವಿಷಯದಲ್ಲಿ ನಮ್ಮ ನಮ್ಮೊಳಗೆ ಮಾತು ಬೆಳೆಯಿತು. ಮಾಸ್ಟ್ರ ಟ್ಯೂಷನ್ ನಡುವೆ ನಿಂತಿತು. ನಡುಕೋಣೆಯಿಂದ ಕಳಿಸಬೇಕಾಗಿದ್ದ ಮದುವೆ ವಿಡಿಯೋ ಹೇಳಿದ ಹೊತ್ತಿಗೆ ತಲುಪಲಿಲ್ಲ. ಇಬ್ಬರದೂ ಹೊಟ್ಟೆಪಾಡಿನ ಕೆಲಸ, ಇಬ್ಬರಿಗೂ ಸಿಟ್ಟು ಬಂದದ್ದು ಸಹಜ. ಆದ್ದರಿಂದ ಭಾನುವಾರ ಎಲ್ಲರೂ ಕೂತು ಮಾತಾಡಿದ್ದನ್ನು ಇಲ್ಲಿ ಬರೆದು ಹಾಕಿದ್ದೇನೆ. ಕನೆಕ್ಷನ್ ನನ್ನ ಹೆಸರಿನಲ್ಲಿದೆ ಎಂಬುದಕ್ಕೆ ಬರೆಯುವ ಕೆಲಸ ನನ್ನದಾಯಿತು, ಅಷ್ಟೆ. ಬಿಲ್ಲಿನಲ್ಲಿ ಐವರ ಪಾಲೂ ಸಮ, ಹಕ್ಕೂ ಸಮ.

ಮೊದಲು ಒಂದು ಮಾತು ತಿಳಿದಿರಲಿ: ನಮ್ಮ ಲೈನ್ ಚಿಕ್ಕದಲ್ಲ. ಬರುವುದಕ್ಕೂ ಹೋಗುವುದಕ್ಕೂ 60 ಎಂಬಿಪಿಎಸ್ ಇದೆ. ಚೆನ್ನಾಗಿ ಕಾಣುವ ಒಂದು ಗುಂಪು ವಿಡಿಯೋ ಕಾಲ್‌ಗೆ 3–4 ಎಂಬಿಪಿಎಸ್ ಸಾಕು. ಐವರೂ ಒಟ್ಟಿಗೆ ಕಾಲ್‌ನಲ್ಲಿ ಕೂತರೂ 20 ದಾಟುವುದಿಲ್ಲ. ತೊಂದರೆ ಬರುವುದು ಒಬ್ಬರ ಡೌನ್‌ಲೋಡೋ ಅಪ್‌ಲೋಡೋ ಲೈನನ್ನು ಪೂರ್ತಿ ತುಂಬಿದಾಗ. ಆಗ ಕಾಲ್‌ನ ಮಾತು ರೂಟರ್‌ನೊಳಗೆ ಆ ದೊಡ್ಡ ಫೈಲಿನ ಹಿಂದೆ ಸಾಲಿನಲ್ಲಿ ಕಾಯಬೇಕಾಗುತ್ತದೆ. ಫೈಲ್ ಅರ್ಧ ಸೆಕೆಂಡ್ ತಡವಾಗಿ ಬಂದರೆ ಯಾರಿಗೂ ಗೊತ್ತಾಗದು. ಮಾತು ಅಷ್ಟು ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವ ಅವಸ್ಥೆ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಭಾನುವಾರ ಎಲ್ಲರ ಎದುರಿಗೇ ನೋಡಿದೆವಲ್ಲ: ಏನೂ ಓಡದಿದ್ದಾಗ ಪಿಂಗ್ 20ರ ಒಳಗೆ. ವಿಡಿಯೋ ಪೂರ್ತಿ ವೇಗದಲ್ಲಿ ಅಪ್‌ಲೋಡ್ ಆಗುವಾಗ 400 ದಾಟಿತು. ಅದೇ ಅಪ್‌ಲೋಡಿಗೆ ಸೆಕೆಂಡಿಗೆ 1 ಎಂಬಿಯ ಮಿತಿ ಹಾಕಿದ ಕೂಡಲೇ 30ಕ್ಕೆ ಇಳಿಯಿತು.

ದೊಡ್ಡ ಪ್ಲಾನ್ ಹಾಕಿಸೋಣ ಎಂಬ ಸಲಹೆ ಬಂದಿತ್ತು. ಹಾಕಿಸಿದರೂ ದೊಡ್ಡ ಡೌನ್‌ಲೋಡ್ ಸಿಕ್ಕಿದಷ್ಟನ್ನೂ ಎಳೆದುಕೊಳ್ಳುತ್ತದೆ; ಬೇಗ ಮುಗಿಯಬಹುದು, ಓಡುವಷ್ಟು ಹೊತ್ತು ಕಾಲ್ ಕೆಡುವುದು ತಪ್ಪದು. ಯಾರಿಗೆ ಎಷ್ಟು ವೇಗ ಎಂದು ಹಂಚುವ ಸೌಲಭ್ಯ ಆಪರೇಟರ್ ಕೊಟ್ಟ ರೂಟರ್‌ನಲ್ಲಿ ಇಲ್ಲ. ಹಾಗಾಗಿ ಹಂಚಿಕೊಳ್ಳಬೇಕಾದವರು ನಾವೇ.

ಕಾಲ್ ಹೊತ್ತು

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.30ರಿಂದ 11.30, ನನ್ನ ಆಫೀಸ್ ಮೀಟಿಂಗ್. ಸೋಮವಾರದಿಂದ ಶನಿವಾರದವರೆಗೆ ಸಂಜೆ 6.30ರಿಂದ 8.30, ಮಾಸ್ಟ್ರ ಟ್ಯೂಷನ್. ಅವರ ಟ್ಯೂಷನ್ ಮಕ್ಕಳಲ್ಲಿ ಹೆಚ್ಚಿನವರು ಗಲ್ಫಿನಲ್ಲಿರುವವರು, ನಮಗೆ 6.30 ಆಗುವಾಗ ದುಬೈಯಲ್ಲಿ 5 ಗಂಟೆ, ಶಾಲೆ ಮುಗಿಸಿ ಬಂದು ಕೂರುವ ಹೊತ್ತು. ಅದನ್ನು ಹಿಂದೆ ಮುಂದೆ ಮಾಡಲು ಬರುವುದಿಲ್ಲ. ಪ್ರತಿದಿನ ರಾತ್ರಿ 10.30ರಿಂದ 11, ಬಾಲ್ಕನಿ ಕೋಣೆಗೆ ದುಬೈಯಿಂದ ಅಪ್ಪನ ಕಾಲ್. ಅವರ ಡ್ಯೂಟಿ ಮುಗಿಯುವುದೇ ಅಲ್ಲಿಯ 9 ಗಂಟೆಗೆ. ವಾಟ್ಸಾಪ್ ಕಾಲ್ ಅಲ್ಲಿ ನಡೆಯದ ಕಾರಣ ಬೋಟಿಮ್‌ನಲ್ಲಿ ಮಾಡುತ್ತಾರೆ, ನೆಟ್ ಸ್ವಲ್ಪ ತಡವರಿಸಿದರೂ ಮುಖ ನಿಂತುಬಿಡುತ್ತದೆ. ದಿನಕ್ಕೊಮ್ಮೆ ಮಗನ ಮುಖ ನೋಡುವ ಅರ್ಧ ಗಂಟೆ ಅದು. ಆಫೀಸ್ ಮೀಟಿಂಗಿಗೆ ಇರುವಷ್ಟೇ ಬೆಲೆ ಅದಕ್ಕೂ ಇದೆ ಎಂದು ಎಲ್ಲರೂ ಒಪ್ಪಿದ್ದೇವೆ.

ಈ ಹೊತ್ತುಗಳಲ್ಲಿ ಡೌನ್‌ಲೋಡ್ ಸೆಕೆಂಡಿಗೆ 2 ಎಂಬಿ ಮೀರಬಾರದು, ಅಪ್‌ಲೋಡ್ 1 ಎಂಬಿ ಮೀರಬಾರದು. ಒಂದು ಹೊತ್ತಿನಲ್ಲಿ ಒಂದೇ ಡೌನ್‌ಲೋಡ್, ಒಂದೇ ಅಪ್‌ಲೋಡ್. ಸಿನಿಮಾ ನೋಡುವುದಿದ್ದರೆ 1080ಪಿ ವರೆಗೆ ತೊಂದರೆ ಇಲ್ಲ, 4ಕೆ ಬೇಡ. ಫೋನಿನ ಫೋಟೋ ಬ್ಯಾಕಪ್ ಅನ್ನು ಪೂರ್ತಿ ನಿಲ್ಲಿಸಿ. ನಾವು ಯಾರೂ ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಅದನ್ನೇ: ಮದುವೆಗೋ ತಿರುಗಾಟಕ್ಕೋ ಹೋಗಿ ಬಂದವರ ಫೋನ್ ವೈಫೈ ಸಿಕ್ಕಿದ ಕೂಡಲೇ ಸದ್ದಿಲ್ಲದೆ ವಿಡಿಯೋಗಳನ್ನೆಲ್ಲ ಮೇಲೆ ಕಳಿಸಲು ಶುರು ಮಾಡುತ್ತದೆ.

ಉಳಿದ ಹೊತ್ತು

ಹಗಲಿನ ಬೇರೆ ಹೊತ್ತಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಸೆಕೆಂಡಿಗೆ 4 ಎಂಬಿ ವರೆಗೆ ಬಳಸಿ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಮಿತಿಯೇ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಡೌನ್‌ಲೋಡ್ ಮಾಡುವವರನ್ನು ತಪ್ಪಿತಸ್ಥರ ಹಾಗೆ ನೋಡುವ ಅಭ್ಯಾಸ ಈ ಮನೆಯಲ್ಲಿ ಬೆಳೆಯಬಾರದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವವರ ಪ್ರಾಜೆಕ್ಟ್‌ಗೆ ಜೀನೋಮ್ ಸೀಕ್ವೆನ್ಸ್ ಫೈಲುಗಳು ಬೇಕು, ಒಂದೊಂದೇ ಹತ್ತಾರು ಜಿಬಿ. ಅದು ಓದು. ಗೇಮ್ ಆಡುವವರಿಗೆ ದಿನವಿಡೀ ಬ್ಯಾಂಕಿನಲ್ಲಿ ದುಡಿದು ಬಂದ ಮೇಲೆ ಇರುವ ಮನರಂಜನೆ ಅದೊಂದೇ. ರಾತ್ರಿ 11ರ ನಂತರ ಅವರ ಸರದಿ. ಆಗ ಯಾರಿಗಾದರೂ ಕಾಲ್ ಬಂದರೆ ಮೊಬೈಲ್ ಡೇಟಾದಲ್ಲಿ ಮಾತಾಡಬೇಕು, ಡೌನ್‌ಲೋಡ್ ನಿಲ್ಲಿಸಿ ಎಂದು ಬಾಗಿಲು ಬಡಿಯುವಂತಿಲ್ಲ.

ಲೆಕ್ಕ ನೋಡಿ: ಪೂರ್ತಿ ವೇಗದಲ್ಲಿ ಸೆಕೆಂಡಿಗೆ 7.5 ಎಂಬಿ ಬರುತ್ತದೆ. 40 ಜಿಬಿಯ ಒಂದು ಗೇಮ್ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ರಾತ್ರಿಯ ಎಂಟು ಗಂಟೆಯಲ್ಲಿ 200 ಜಿಬಿ ಇಳಿಸಬಹುದು. ನಮ್ಮಲ್ಲಿ ಯಾರಿಗೂ ಒಂದು ರಾತ್ರಿಗೆ ಅಷ್ಟು ಬೇಡ.

ಅಪ್‌ಲೋಡ್ ಮಾಡುವವರ ಕಷ್ಟ ಬೇರೆ. ಮುಹೂರ್ತದ ದಿನಗಳಲ್ಲಿ ಗಿರಾಕಿ ಸಂಜೆಯೇ ವಿಡಿಯೋ ಬೇಕು ಎಂದು ಕೂರುತ್ತಾರೆ. ಅಂಥ ದಿನ ಮಧ್ಯಾಹ್ನದೊಳಗೆ ನಮ್ಮ ಗ್ರೂಪಿನಲ್ಲಿ ಒಂದು ಸಾಲು ಹಾಕಿದರೆ 11.30ರಿಂದ 6.30ರವರೆಗೆ ಅಪ್‌ಲೋಡ್ ಲೈನ್ ಪೂರ್ತಿ ಅವರದ್ದು. ಉಳಿದವರು ಆ ದಿನ ಬ್ಯಾಕಪ್, ಡ್ರೈವ್ ಎಲ್ಲ ನಿಲ್ಲಿಸಬೇಕು. ಮಾಸ್ಟ್ರೂ ಅವರೂ ಒಂದೇ ಕೋಣೆಯವರಾದ್ದರಿಂದ, 6.30ಕ್ಕೆ ಐದು ನಿಮಿಷ ಇರುವಾಗ ಮಿತಿ ಹಾಕಿದ್ದು ಆಗಿದೆಯೇ ಎಂದು ಅಲ್ಲೇ ಕೇಳಿಕೊಳ್ಳಿ, ಗ್ರೂಪಿನಲ್ಲಿ ಬೇಡ.

ಮಿತಿ ಹಾಕುವುದು ಹೇಗೆ

Steam: Settings, Downloads ಒಳಗೆ Limit download speed. KB/s ಕಂಡರೆ 2000, Kbps ಕಂಡರೆ 16000. ಬಿಟ್ ಮತ್ತು ಬೈಟ್‌ಗೆ ಎಂಟು ಪಟ್ಟು ವ್ಯತ್ಯಾಸ, ನೋಡಿ ಹಾಕಿ. ಅಲ್ಲೇ Schedule auto-updates ಇದೆ, ರಾತ್ರಿಯ ಹೊತ್ತು ಕೊಡಿ. ಕಂಪ್ಯೂಟರಿನ ಗೂಗಲ್ ಡ್ರೈವ್‌ನಲ್ಲಿ Preferences ಒಳಗೆ Bandwidth settings. ಅಪ್‌ಲೋಡ್‌ಗೆ 1000 KB/s. ವಿಂಡೋಸ್‌ನಲ್ಲಿ ನಮ್ಮ ವೈಫೈಗೆ Metered connection ಆನ್ ಮಾಡಿದರೆ ಅಪ್‌ಡೇಟ್ ತಾನಾಗಿ ಇಳಿಯುವುದು ಹೆಚ್ಚಿನ ಮಟ್ಟಿಗೆ ತಪ್ಪುತ್ತದೆ. ವಾರಕ್ಕೊಂದು ರಾತ್ರಿ ಅದನ್ನು ಆಫ್ ಮಾಡಿ ಅಪ್‌ಡೇಟ್ ಮುಗಿಸಿಕೊಳ್ಳಿ. wget ಬಳಸುವವರು `--limit-rate=2m` ಸೇರಿಸಿದರೆ ಸಾಕು. ಜೊತೆಗೆ `-c` ಇದ್ದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಕಾಲ್ ಕೆಟ್ಟಾಗ ಯಾರನ್ನಾದರೂ ದೂರುವ ಮೊದಲು ಈ ಎರಡನ್ನು ಹೊಡೆದು ನೋಡಿ:

```
ping 192.168.1.1
ping 8.8.8.8
```

ಮೊದಲನೆಯದು ನಮ್ಮ ರೂಟರ್. ಅದರ ಸಂಖ್ಯೆಯೇ ಏರಿಳಿದರೆ ತೊಂದರೆ ನಿಮ್ಮ ವೈಫೈಯದ್ದು: ಬಾಗಿಲು ತೆರೆಯಿರಿ, ರೂಟರ್ ಹತ್ತಿರ ಬನ್ನಿ. ಮೊದಲನೆಯದು ಸರಿ ಇದ್ದು ಎರಡನೆಯದು ಮಾತ್ರ 100 ದಾಟಿದರೆ ಲೈನ್ ತುಂಬಿರಬಹುದು. ಆಗ ಗ್ರೂಪಿನಲ್ಲಿ ಕೇಳಿ. ಕೇಳಿದ ಮೇಲೆ ಎಲ್ಲರೂ ಒಮ್ಮೆ ತಮ್ಮ ಫೋನ್, ಲ್ಯಾಪ್‌ಟಾಪ್ ನೋಡಿ ಉತ್ತರ ಹಾಕಬೇಕು. ಓದಿ ಸುಮ್ಮನಿರುವುದು ಬೇಡ.

ಕಾಲ್ ಮಾಡುವವರ ಕರ್ತವ್ಯ

ಕಾಲ್ ಇದೆ ಎಂದ ಮಾತ್ರಕ್ಕೆ ಮನೆಯೆಲ್ಲ ಸುಮ್ಮನಿರಬೇಕು ಎಂದಿಲ್ಲ. ಮೇಲೆ ಬರೆದ ಹೊತ್ತು ಬಿಟ್ಟು ಬೇರೆ ಕಾಲ್ ಇದ್ದರೆ ಹಿಂದಿನ ರಾತ್ರಿಯೊಳಗೆ ಗ್ರೂಪಿನಲ್ಲಿ ಹೇಳಿ. ಹೇಳದೆ ಬಂದ ಕಾಲ್‌ಗೆ ಡೌನ್‌ಲೋಡ್ ನಿಲ್ಲಿಸಿ ಎಂದು ವಿನಂತಿಸಬಹುದು, ಒತ್ತಾಯಿಸುವ ಹಾಗಿಲ್ಲ. ಇಂಟರ್‌ವ್ಯೂ, ಆನ್‌ಲೈನ್ ಪರೀಕ್ಷೆ, ವೈವಾ ಇದ್ದರೆ ಮಾತ್ರ ಆ ಒಂದು ಗಂಟೆ ಉಳಿದ ನಾಲ್ವರೂ ಪೂರ್ತಿ ಬಿಟ್ಟುಕೊಡೋಣ, ಸಿನಿಮಾ ಸಹ.

ಸ್ಕ್ರೀನ್ ತೋರಿಸಿ ಪಾಠ ಮಾಡುವಾಗ ಕ್ಯಾಮೆರಾ ಆಫ್ ಮಾಡಿದರೆ ಭಾರ ಕಡಿಮೆಯಾಗುತ್ತದೆ. ಹೆಡ್‌ಫೋನ್ ಕಡ್ಡಾಯ. ಚಾವಡಿಯಲ್ಲಿ ಕೂತು ಕಾಲ್ ಬೇಡ, ಅಲ್ಲಿ ಉಳಿದವರು ಉಣ್ಣಬೇಕು, ಮಾತಾಡಬೇಕು. ರಾತ್ರಿ 10ರ ನಂತರ ಬಾಲ್ಕನಿಯಲ್ಲಿ ನಿಂತು ಮಾತಾಡಬೇಡಿ. ಕೆಳಗಿನ ಮನೆಯ ಯಜಮಾನರು ವಯಸ್ಸಾದವರು, ಬೇಗ ಮಲಗುತ್ತಾರೆ.

ತಿಂಗಳ ಲೆಕ್ಕ

ತಿಂಗಳಿಗೆ 1000 ಜಿಬಿ. ಅದು ಮುಗಿದರೆ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತದೆ, ಮತ್ತೆ ಐವರಿಗೂ ಕಷ್ಟ. ಒಬ್ಬರಿಗೆ 150 ಜಿಬಿ, ಉಳಿದ 250 ಎಲ್ಲರಿಗೂ ಸೇರಿದ್ದು. ಪ್ರಾಜೆಕ್ಟ್ ಮತ್ತು ವಿಡಿಯೋ ಕೆಲಸದವರು ಮೊದಲೇ ಹೇಳಿ ಅದರಿಂದ ತೆಗೆದುಕೊಳ್ಳಬಹುದು. ಪ್ರತಿ ತಿಂಗಳು 20ಕ್ಕೆ ಆಪರೇಟರ್ ಆ್ಯಪಿನಲ್ಲಿ ನೋಡಿ ಉಳಿದದ್ದೆಷ್ಟು ಎಂದು ನಾನು ಹಾಕುತ್ತೇನೆ. ಕಳ್ಳ ಸಿನಿಮಾ ಇಳಿಸುವುದು ಈ ಕನೆಕ್ಷನ್‌ನಲ್ಲಿ ಬೇಡವೇ ಬೇಡ.

ಮಳೆ, ಸಿಡಿಲು

ಕರೆಂಟು ಹೋದರೆ ರೂಟರ್ ಚಿಕ್ಕ ಯುಪಿಎಸ್ ಮೇಲೆ ಎರಡು ಗಂಟೆಯ ಹತ್ತಿರ ಓಡುತ್ತದೆ. ಆ ಹೊತ್ತು ಕಾಲ್‌ಗೆ ಮಾತ್ರ. ತುಲಾ ತಿಂಗಳ ಸಿಡಿಲು ಬರುವುದೇ ಸಂಜೆಗೆ, ಟ್ಯೂಷನ್ ಹೊತ್ತಿಗೆ ಸರಿಯಾಗಿ. ಗುಡುಗು ಕೇಳಿದ ಕೂಡಲೇ ಮನೆಯಲ್ಲಿದ್ದವರು ಯಾರಾದರೂ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ರೂಟರ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಪಾಠವೂ ನಿಲ್ಲುವುದಿಲ್ಲ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯದು, ಭಯ ಇರುವುದು ಪ್ಲಗ್ಗಿನ ಕಡೆಯಿಂದ. ಲ್ಯಾಪ್‌ಟಾಪಿನ ಚಾರ್ಜರನ್ನೂ ತೆಗೆಯಿರಿ. ಮಳೆ ನಿಂತ ಮೇಲೆ ಪ್ಲಗ್ ಹಾಕಲು ಮರೆಯಬೇಡಿ.

ಯಾರಾದರೂ ತಪ್ಪಿದರೆ ದಂಡ ಇಲ್ಲ; ಮೊದಲು ಅವರಿಗೊಬ್ಬರಿಗೇ ಹೇಳಿ, ಮತ್ತೂ ಸರಿಯಾಗದಿದ್ದರೆ ಭಾನುವಾರ ಎಲ್ಲರೂ ಕೂತು ಮಾತಾಡೋಣ. ಮಾಸ್ಟ್ರ ಶಾಲೆಗೆ ಓಣಂ ರಜೆ ಶುರುವಾಗುವ ಮೊದಲಿನ ಭಾನುವಾರ, ಬೆಳಗ್ಗಿನ ತಿಂಡಿಯಾದ ಮೇಲೆ, ಈ ಹೊತ್ತುಗಳನ್ನು ಮತ್ತೆ ನೋಡೋಣ. ಅಷ್ಟರೊಳಗೆ ಬದಲಾಗಬೇಕು ಎನಿಸಿದ್ದನ್ನು ಈ ಕಾಗದದ ಅಂಚಿನಲ್ಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಒಪ್ಪಿದವರು ಕೆಳಗೆ ಸಹಿ ಹಾಕಿ.

ಚಾವಡಿ ಪಕ್ಕದ ಕೋಣೆಯಿಂದ