ಜುಲೈ–ಸೆಪ್ಟೆಂಬರ್ 2025ರ ಕಮಿಷನ್ ಲೆಕ್ಕ: ಟಾರ್ಗೆಟ್ ಹೇಗೆ ಹಿಡಿದೆವು, ಏನೇನು ಕಡಿತವಾಯಿತು

ವಿಜಯಪುರ, 10 ಅಕ್ಟೋಬರ್ 2025

ನಮ್ಮ ಎಲ್ಲ ಸೇಲ್ಸ್ ಏಜೆಂಟರಿಗೆ ನಮಸ್ಕಾರ.

ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕಮಿಷನ್ ಸ್ಟೇಟ್‌ಮೆಂಟ್ ಬುಧವಾರ ನಿಮ್ಮ ಕೈ ಸೇರಿದೆ. ಅಂದಿನಿಂದ ಫೋನು ನಿಂತಿಲ್ಲ. "ಮಾಲು ಇಷ್ಟು ಹೋಗೇತಿ, ರೊಕ್ಕ ಯಾಕ ಕಡಿಮಿ ಬಂತು?" ಎಂದು ಹೆಚ್ಚು ಕಡಿಮೆ ಎಲ್ಲರೂ ಕೇಳಿದ್ದೀರಿ. ಬಿಸಿಲು ಮಳೆ ಅನ್ನದೆ ತೋಟ ತೋಟ ತಿರುಗಿ ಡ್ರಿಪ್ ಮಾರಿದವರು ನೀವು. ಪ್ರತಿ ರೂಪಾಯಿಯ ಲೆಕ್ಕ ಕೇಳುವುದು ನಿಮ್ಮ ಹಕ್ಕು. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನಿಮ್ಮ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಕೊನೆಗೆ ಭೀಮಾ ನದಿಗೆ ಪ್ರವಾಹ ಬಂತು. ನದಿ ದಂಡೆಯ ಹಳ್ಳಿಗಳಲ್ಲಿ ಹೊಲಕ್ಕೆ ಕಾಲಿಡುವ ಹಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಪೈಪು ತಗೊಳ್ಳಿ ಎಂದು ಯಾರ ಮನೆ ಬಾಗಿಲಿಗೆ ಹೋಗುವುದು? ಅದಕ್ಕೇ ಇಂಡಿ, ಚಡಚಣ, ಆಲಮೇಲ ಭಾಗದ ಏಜೆಂಟರಿಗೆ ಟಾರ್ಗೆಟ್ಟನ್ನು 9,00,000 ರೂಪಾಯಿಯಿಂದ 7,50,000ಕ್ಕೆ ಇಳಿಸಿದ್ದೆವು. ಆದರೆ ಬುಧವಾರ ಕಳಿಸಿದ ಸ್ಟೇಟ್‌ಮೆಂಟಿನಲ್ಲಿ ನಾಲ್ಕು ಜನರಿಗೆ ಹಳೆಯ ಟಾರ್ಗೆಟ್ಟೇ ಉಳಿದುಬಿಟ್ಟಿತ್ತು. ಅದನ್ನು ನಾನೇ ನೋಡಿಕೊಳ್ಳಬೇಕಿತ್ತು. ಆ ನಾಲ್ವರಿಗೂ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ, ತಿದ್ದಿದ ಸ್ಟೇಟ್‌ಮೆಂಟ್ ನಿನ್ನೆ ಸಂಜೆ ಕಳಿಸಿದ್ದೇನೆ. ಬುಧವಾರದ ಪ್ರತಿಯನ್ನು ಹರಿದು ಹಾಕಿ, ಅದರ ಮೇಲೆ ಲೆಕ್ಕ ಮಾಡಬೇಡಿ.

ಇನ್ನು ಟಾರ್ಗೆಟ್. ಉಳಿದ ಎಲ್ಲರಿಗೂ ಮೂರು ತಿಂಗಳಿಗೆ 9,00,000. ಇದು ಜಿಎಸ್‌ಟಿ ಸೇರದ ಮೊತ್ತ. ಹೆಚ್ಚಿನ ಗೊಂದಲ ಹುಟ್ಟಿದ್ದೇ ಇಲ್ಲಿ. ಸೆಪ್ಟೆಂಬರ್ 22ರಿಂದ ಡ್ರಿಪ್ ಮತ್ತು ಸ್ಪ್ರಿಂಕ್ಲರ್ ಮೇಲಿನ ಜಿಎಸ್‌ಟಿ 12%ರಿಂದ 5%ಗೆ ಇಳಿಯಿತು. ಒಂದು ಲಕ್ಷದ ಮಾಲಿಗೆ ಮೊದಲು ರೈತನ ಬಿಲ್ 1,12,000 ಆಗುತ್ತಿತ್ತು, ಈಗ 1,05,000. ಬಿಲ್ ಚಿಕ್ಕದಾಯಿತು, ನಮ್ಮ ಕಮಿಷನ್ನೂ ಇಳಿಯಿತು ಎಂದು ಕೆಲವರು ಅಂದುಕೊಂಡಿದ್ದೀರಿ. ಹಾಗಿಲ್ಲ. ಆಗಲೂ ಕಮಿಷನ್ ಒಂದು ಲಕ್ಷದ ಮೇಲೆ, ಈಗಲೂ ಒಂದು ಲಕ್ಷದ ಮೇಲೆ. ತೆರಿಗೆ ಸರ್ಕಾರಕ್ಕೆ ಹೋಗುವ ಹಣ, ಅದು ನಮ್ಮ ಮಾರಾಟ ಅಲ್ಲ. ಬಿಲ್ಲಿನ ಕೊನೆಯ ಮೊತ್ತ ಕೂಡಿಸಿಕೊಂಡು ಬಂದವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಇದರಿಂದಲೇ.

ಸೆಪ್ಟೆಂಬರ್ ಮೊದಲ ವಾರ ದರ ಇಳಿಯುವ ಸುದ್ದಿ ಬಂದ ಮೇಲೆ ರೈತರು ಖರೀದಿ ಮುಂದೂಡಿದ್ದು ನಿಜ. ಮೂರು ವಾರ ನೀವು ಕೈ ಕಟ್ಟಿ ಕೂರಬೇಕಾಯಿತು. ಆದರೆ 22ರ ನಂತರದ ಎಂಟೊಂಬತ್ತು ದಿನಗಳಲ್ಲಿ ಆ ಬುಕಿಂಗ್ ಬಹುಪಾಲು ಬಿಲ್ ಆಗಿವೆ, ಅವೆಲ್ಲ ಈ ತ್ರೈಮಾಸಿಕಕ್ಕೇ ಸೇರಿವೆ. ಹಾಗಾಗಿ ಇದೊಂದು ಕಾರಣಕ್ಕೆ ಟಾರ್ಗೆಟ್ ಇಳಿಸಲಿಲ್ಲ.

ದರಗಳು ನಿಮಗೆ ಗೊತ್ತಿರುವವೇ. ಟಾರ್ಗೆಟ್ಟಿನ 80%ಗಿಂತ ಕೆಳಗೆ ಇದ್ದರೆ 2%, 80 ದಾಟಿ 100 ಮುಟ್ಟದಿದ್ದರೆ 3%, 100 ಮುಟ್ಟಿದರೆ 4%. ಈ ಮೂರೂ ಇಡೀ ಮಾರಾಟದ ಮೇಲೆ. ಆದರೆ 120% ದಾಟಿದವರಿಗೆ ಸಿಗುವ 5% ಇದೆಯಲ್ಲ, ಅದು ದಾಟಿದ ಮೊತ್ತಕ್ಕೆ ಮಾತ್ರ. ಒಬ್ಬರು 11,80,000 ಮಾರಿ, ಪೂರ್ತಿಗೆ 5% ಹಿಡಿದು 59,000 ಬರಬೇಕು ಅಂದರು. ಸರಿಯಾದ ಲೆಕ್ಕ ಹೀಗೆ: 10,80,000ದವರೆಗೆ 4%ನಂತೆ 43,200, ಮೇಲಿನ ಒಂದು ಲಕ್ಷಕ್ಕೆ 5%ನಂತೆ 5,000. ಒಟ್ಟು 48,200. ಏಪ್ರಿಲ್‌ನಲ್ಲಿ ಕೊಟ್ಟ ಸ್ಕೀಮ್ ಪತ್ರದಲ್ಲಿ ಇದು ಒಂದೇ ಸಾಲಿನಲ್ಲಿತ್ತು, ಉದಾಹರಣೆ ಇರಲಿಲ್ಲ. ಮುಂದಿನ ಪತ್ರದಲ್ಲಿ ಉದಾಹರಣೆ ಕೊಟ್ಟೇ ಬರೆಯುತ್ತೇನೆ.

ಒಬ್ಬ ಏಜೆಂಟರ ವಿಷಯದಲ್ಲಿ ನನಗೇ ಸಂಕಟವಾಯಿತು. ಅವರ ಮಾರಾಟ 8,92,800. ಟಾರ್ಗೆಟ್ಟಿಗೆ ಬರೀ 7,200 ಕಡಿಮೆ. 4% ಹೋಗಿ 3%ಗೆ ಬಂದರು. ಒಂಬತ್ತು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ. ಒಂದೊಂದೇ ಬಿಲ್ ತೆಗೆದು ನೋಡಿದೆ. ಅವರ 14,000ದ ಬಿಲ್ ಒಂದು ಅಕ್ಟೋಬರ್ 1ರಂದು ಆಗಿದೆ. ಪ್ರವಾಹದಿಂದ ರಸ್ತೆ ಬಂದ್ ಆಗಿದ್ದ ಆ ಮೂರು ತಾಲೂಕುಗಳಿಗೆ ಮಾತ್ರ ಅಕ್ಟೋಬರ್ 3ರವರೆಗಿನ ಬಿಲ್ ಸೇರಿಸಿದ್ದೇವೆ. ಇವರದು ತಿಕೋಟಾ ಕಡೆ. ಒಬ್ಬರಿಗೆ ಬಿಟ್ಟರೆ ಉಳಿದವರಿಗೆ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಆ ಬಿಲ್ ಮುಂದಿನ ತ್ರೈಮಾಸಿಕಕ್ಕೆ ಹೋಗಿದೆ. ಇಷ್ಟು ಸಣ್ಣ ಅಂತರಕ್ಕೆ ಇಷ್ಟು ದೊಡ್ಡ ಪೆಟ್ಟು ಬೀಳಬಾರದು ಎಂಬುದು ನನ್ನ ಅಭಿಪ್ರಾಯ. ಮಾಲೀಕರಿಗೆ ಇದನ್ನು ಬರೆದು ಕೊಟ್ಟಿದ್ದೇನೆ. ಜನವರಿಯ ಹೊಸ ಸ್ಕೀಮ್ ಮಾಡುವಾಗ ನೋಡೋಣ ಅಂದಿದ್ದಾರೆ. ಆದರೆ ಈ ಸಲಕ್ಕೆ ಬದಲಾವಣೆ ಇಲ್ಲ.

ಈಗ ಕಡಿತದ ವಿಷಯ. ಬಬಲೇಶ್ವರ ಕಡೆಯ ಒಬ್ಬ ಏಜೆಂಟರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಅವರ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇನೆ.

ಒಟ್ಟು ಬಿಲ್, ಜಿಎಸ್‌ಟಿ ಬಿಟ್ಟು: 10,40,000
ವಾಪಸ್ ಬಂದ ಮಾಲು: 60,000
ನಿವ್ವಳ ಮಾರಾಟ: 9,80,000 (ಟಾರ್ಗೆಟ್ ಮುಟ್ಟಿದೆ, ದರ 4%)
ಇದರಲ್ಲಿ ವಸೂಲಾದದ್ದು: 8,00,000
ಅದರ ಮೇಲೆ ಕಮಿಷನ್: 32,000
ಏಪ್ರಿಲ್–ಜೂನ್‌ನ ಬಾಕಿ 1,50,000 ಈಗ ವಸೂಲಾಗಿದ್ದಕ್ಕೆ 3%: 4,500
ಚೆಕ್ ಬೌನ್ಸ್ ಆದ 40,000ಕ್ಕೆ ಹಿಂದೆ ಕೊಟ್ಟ ಕಮಿಷನ್ ವಾಪಸ್: 1,200
ಕಮಿಷನ್: 35,300
ಟಿಡಿಎಸ್ 2%: 706
ಅಡ್ವಾನ್ಸ್ ಕಂತು: 5,000
ಖಾತೆಗೆ ಜಮಾ: 29,594

ಇದರಲ್ಲಿ ಎಲ್ಲರೂ ಎಡವಿದ್ದು ವಸೂಲಿಯ ಸಾಲಿನಲ್ಲಿ. ಟಾರ್ಗೆಟ್ ಮುಟ್ಟಿತೋ ಇಲ್ಲವೋ ಎಂದು ನೋಡುವುದು ಬಿಲ್ ಮೇಲೆ. ಹಣ ಕೊಡುವುದು ಮಾತ್ರ ವಸೂಲಿ ಮೇಲೆ. ಇಲ್ಲಿ 9,80,000ಕ್ಕೆ 4% ಅಂದರೆ 39,200 ಆಗಬೇಕು. ಆದರೆ 1,80,000 ಇನ್ನೂ ಉದ್ರಿ ಇದೆ. ಹೆಚ್ಚಿನದು ತೋಟಗಾರಿಕೆ ಇಲಾಖೆಯಿಂದ ಸಬ್ಸಿಡಿ ಬರಬೇಕಾದ ಬಿಲ್ಲುಗಳು. ಆ ಭಾಗದ 7,200 ಹೋಗಿಲ್ಲ, ತಡೆದು ಇಟ್ಟಿದೆ ಅಷ್ಟೇ. ಸಬ್ಸಿಡಿ ಜಮಾ ಆದ ತ್ರೈಮಾಸಿಕದಲ್ಲಿ ಅದೇ 4% ದರದಲ್ಲಿ ಬರುತ್ತದೆ. ಆಗ ನಿಮ್ಮ ಮಾರಾಟ ಕಡಿಮೆ ಇದ್ದರೂ ಹಳೆಯ ದರ ಬದಲಾಗುವುದಿಲ್ಲ. ಇದೇ ನಿಯಮದಿಂದ ಮೇಲಿನ 4,500ಕ್ಕೆ 3% ಹಿಡಿದಿದ್ದೇವೆ, ಏಪ್ರಿಲ್–ಜೂನ್‌ನಲ್ಲಿ ಅವರ ದರ ಅದೇ ಇತ್ತು. ಸ್ಟೇಟ್‌ಮೆಂಟಿನ ಎರಡನೇ ಪುಟದಲ್ಲಿ ಯಾವ ರೈತರ ಬಾಕಿ ಎಷ್ಟು ಎಂದು ಪಟ್ಟಿ ಇದೆ. ದಯವಿಟ್ಟು ನೋಡಿ. ಸಬ್ಸಿಡಿ ಫೈಲಿಗೆ ಪಹಣಿಯೋ ಬ್ಯಾಂಕ್ ಪಾಸ್‌ಬುಕ್ಕೋ ಕೊಡದೆ ನಿಂತ ಕೇಸುಗಳು ಅದರಲ್ಲಿವೆ. ನೀವು ಒಮ್ಮೆ ಹೋಗಿ ಕಾಗದ ತಂದರೆ ನಿಮ್ಮದೇ ಹಣ ಬೇಗ ಬರುತ್ತದೆ.

ವಾಪಸ್ ಮಾಲು: ಈ ತ್ರೈಮಾಸಿಕದಲ್ಲೇ ಮಾರಿ, ಈ ತ್ರೈಮಾಸಿಕದಲ್ಲೇ ವಾಪಸ್ ಬಂದಿದ್ದನ್ನು ಮಾತ್ರ ಟಾರ್ಗೆಟ್ಟಿನಿಂದ ಕಳೆದಿದ್ದೇವೆ. ಜೂನ್ ಒಳಗೆ ಮಾರಿದ ಮಾಲು ಈಗ ಬಂದಿದ್ದರೆ ಈ ಟಾರ್ಗೆಟ್ಟಿಗೆ ತೊಂದರೆ ಇಲ್ಲ, ಆಗ ಕೊಟ್ಟ ಕಮಿಷನ್ ಮಾತ್ರ ಆಗಿನ ದರದಲ್ಲೇ ವಾಪಸ್ ಹಿಡಿಯುತ್ತೇವೆ. ಲ್ಯಾಟರಲ್ ಪೈಪಿನಲ್ಲಿ ಕಂಪನಿಯದೇ ದೋಷ ಇದ್ದು ಬದಲಿಸಿ ಕೊಟ್ಟ ಕಡೆ ಏನೂ ಕಳೆದಿಲ್ಲ.

ಚೆಕ್ ಬೌನ್ಸ್ ಆದಾಗ ಬ್ಯಾಂಕ್ ಹಾಕಿದ ಚಾರ್ಜನ್ನು ನಿಮ್ಮ ತಲೆಗೆ ಕಟ್ಟಿಲ್ಲ. ರೈತರು ಹಣ ಕಟ್ಟಿದ ದಿನ ಆ 1,200 ಮತ್ತೆ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಟಿಡಿಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಮಿಷನ್ ಮೇಲೆ ಆದಾಯ ತೆರಿಗೆ ಕಾಯ್ದೆಯ 194ಎಚ್ ಪ್ರಕಾರ 2% ಹಿಡಿಯಬೇಕು. ಮೊದಲು 5% ಇತ್ತು, 2024ರ ಅಕ್ಟೋಬರ್ 1ರಿಂದ 2% ಆಗಿದೆ. ಈ ವರ್ಷ ಏಪ್ರಿಲ್‌ನಿಂದ, ಇಡೀ ವರ್ಷದ ಕಮಿಷನ್ 20,000 ದಾಟದಿದ್ದರೆ ಹಿಡಿಯುವಂತಿಲ್ಲ. ಮೊದಲು ಆ ಮಿತಿ 15,000 ಇತ್ತು. ಆದರೆ ಮಿತಿ ದಾಟಿತೋ, ಪೂರ್ತಿ ಮೊತ್ತಕ್ಕೆ ಹಿಡಿಯಬೇಕು. ಸಿಂದಗಿ ಕಡೆಯ ಒಬ್ಬರಿಗೆ ಏಪ್ರಿಲ್–ಜೂನ್‌ನಲ್ಲಿ 14,000 ಬಂದಿತ್ತು, ಆಗ ಟಿಡಿಎಸ್ ಇರಲಿಲ್ಲ. ಈಗ 12,000. ಎರಡೂ ಸೇರಿ 26,000. ಹಾಗಾಗಿ 240 ಅಲ್ಲ, 520 ಹಿಡಿದಿದ್ದೇವೆ. ಡಬಲ್ ಹಿಡಿದರು ಅಂತ ಅವರಿಗೆ ಅನ್ನಿಸಿದ್ದು ಸಹಜ. ಆದರೆ ಅದು ಮೊದಲ ಮೂರು ತಿಂಗಳದ್ದೂ ಸೇರಿದ ಲೆಕ್ಕ.

ಇಬ್ಬರಿಗೆ 20% ಹೋಗಿದೆ. ಒಬ್ಬರು ಪ್ಯಾನ್ ಕೊಟ್ಟೇ ಇಲ್ಲ, ಇನ್ನೊಬ್ಬರ ಪ್ಯಾನ್ ಆಧಾರ್‌ಗೆ ಲಿಂಕ್ ಆಗದೆ ನಿಷ್ಕ್ರಿಯವಾಗಿದೆ. ಕಾನೂನು ಹಾಗೇ ಇದೆ, ಇದರಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಬೇಗ ಸರಿಪಡಿಸಿಕೊಳ್ಳಿ, ನನಗೆ ನಿಜವಾಗಿಯೂ ನಿಮ್ಮ ದುಡ್ಡಿನ ಚಿಂತೆ ಆಗಿದೆ.

ಹಿಡಿದ ಟಿಡಿಎಸ್ ನಮ್ಮ ಹತ್ತಿರ ಉಳಿದಿಲ್ಲ. ಅಕ್ಟೋಬರ್ 7ಕ್ಕೆ ಸರ್ಕಾರಕ್ಕೆ ಕಟ್ಟಿದ್ದೇವೆ. ಈ ತಿಂಗಳ ಕೊನೆಗೆ ನಾವು ಟಿಡಿಎಸ್ ವಿವರ ಸಲ್ಲಿಸಿದ ಮೇಲೆ ನಿಮ್ಮ ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ. ಫಾರ್ಮ್ 16ಎ ನವೆಂಬರ್ 15ರೊಳಗೆ ಕೊಡುತ್ತೇವೆ. ನಿಮ್ಮ ಆದಾಯಕ್ಕೆ ತೆರಿಗೆ ಬರದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಹೋದ ವರ್ಷ ಸುಮಾರು ಜನ ಸುಮ್ನೆ ಬಿಟ್ಟುಬಿಟ್ಟಿರಿ. ಫಾರ್ಮ್ ತಗೊಂಡು ಬನ್ನಿ, ಎಲ್ಲಿ ಏನು ನೋಡಬೇಕು ಎಂದು ನಾನೇ ತೋರಿಸುತ್ತೇನೆ.

ಅಡ್ವಾನ್ಸ್ ಕಂತು ನೀವು ಸಹಿ ಮಾಡಿದ ಚೀಟಿಯಂತೆಯೇ ಕಳೆದಿದೆ, ಬಡ್ಡಿ ಇಲ್ಲ. ಭೀಮಾ ದಂಡೆಯ ಏಜೆಂಟರಿಗೆ ಈ ಸಲ ಕಂತು ಹಿಡಿದಿಲ್ಲ, ಜನವರಿಯಿಂದ ಮುಂದುವರಿಯುತ್ತದೆ. ಡೆಮೊ ಕಿಟ್ ಇನ್ನೂ ಕೊಡದವರಿಗೆ ಸದ್ಯಕ್ಕೆ ಕಡಿತ ಇಲ್ಲ. ಆದರೆ ಈ ತಿಂಗಳೊಳಗೆ ಗೋಡೌನಿಗೆ ತಂದು ಕೊಡಿ.

ಹಣ ಬುಧವಾರ, ಅಕ್ಟೋಬರ್ 15ರಂದು ಖಾತೆಗೆ ಬೀಳುತ್ತದೆ. ಲೆಕ್ಕದಲ್ಲಿ ತಕರಾರು ಇದ್ದರೆ ಸೋಮವಾರ 13ರೊಳಗೆ ಬಿಲ್ ನಂಬರ್ ಸಮೇತ ತಿಳಿಸಿ. ಬರೆದೇ ಕೊಡಬೇಕೆಂದಿಲ್ಲ, ಬಿಲ್ಲಿನ ಫೋಟೋ ಕಳಿಸಿದರೂ ಸಾಕು. ಸೋಮವಾರ ದಾಟಿ ಬಂದ ತಕರಾರನ್ನೂ ನೋಡುತ್ತೇನೆ. ನಿಮ್ಮ ಮಾತು ಸರಿ ಇದ್ದರೆ ವ್ಯತ್ಯಾಸದ ಹಣ 18ರ ಶನಿವಾರ ಬೇರೆಯಾಗಿ ಹಾಕುತ್ತೇವೆ, ದೀಪಾವಳಿಗೆ ಮೊದಲೇ ಸಿಗಲಿ ಎಂದು. ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ನಾನು ಆಫೀಸಿನಲ್ಲೇ ಇರುತ್ತೇನೆ. ಬರುವಾಗ ನಿಮ್ಮ ಡೈರಿಯನ್ನೂ ತನ್ನಿ, ಎದುರಿಗೆ ಕೂತು ತಾಳೆ ನೋಡೋಣ.

ನಿಮ್ಮ
ಅಕೌಂಟ್ಸ್ ವಿಭಾಗ, ವಿಜಯಪುರ ಶಾಖೆ